ಕರೆಂಟ್ ಜೊತೆ ಮೆಮೊರಿ ಕಾರ್ಡೂ ಹೋಗದಿರಲು

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಮನೆಯ ಸರ್ವರ್ ಮಾಡಿಕೊಂಡವರಿಂದ ಪದೇ ಪದೇ ಕೇಳಿಬರುವ ದೂರು ಒಂದಿದೆ. ತಿಂಗಳುಗಟ್ಟಲೆ ಚೆನ್ನಾಗಿ ನಡೆದ ಪೈ, ಕರೆಂಟ್ ಹೋಗಿ ಬಂದ ಮೇಲೆ ಏಳುವುದೇ ಇಲ್ಲ. ಹೆಚ್ಚಿನ ಸಲ ಕಂಪ್ಯೂಟರಿಗೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಅದಕ್ಕೆ ಸಿಕ್ಕಿಸಿದ ಉಗುರಿನಷ್ಟು ಮೈಕ್ರೋಎಸ್‌ಡಿ ಕಾರ್ಡ್.

ಕಾರಣ ಕಾರ್ಡಿನ ಒಳಗಿದೆ. ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದು ಕೆಲವು ಕಿಲೋಬೈಟ್‌ಗಳ ಪುಟದ ಲೆಕ್ಕದಲ್ಲಿ. ಆದರೆ ಅಳಿಸಬೇಕೆಂದರೆ ನೂರಾರು ಪುಟಗಳಿರುವ ಬ್ಲಾಕನ್ನು ಒಟ್ಟಿಗೇ ಅಳಿಸಬೇಕು. ಹೀಗಾಗಿ ಕಾರ್ಡಿನಲ್ಲಿರುವ ಪುಟ್ಟ ಕಂಟ್ರೋಲರ್ ಬೇಕಾದ ಪುಟಗಳನ್ನು ಆಗಾಗ ಬೇರೆ ಬ್ಲಾಕಿಗೆ ಸಾಗಿಸಿ, ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ತಿದ್ದಿ, ಹಳೆಯ ಬ್ಲಾಕನ್ನು ಅಳಿಸುತ್ತಿರುತ್ತದೆ. ಈ ಸಾಗಾಟದ ಮಧ್ಯೆ ಕರೆಂಟ್ ಹೋದರೆ, ಆ ಹೊತ್ತಿಗೆ ಬರೆಯುತ್ತಿದ್ದ ಫೈಲ್ ಅಷ್ಟೇ ಅಲ್ಲ, ಅದರ ಪಕ್ಕದಲ್ಲಿದ್ದ, ವರ್ಷದಿಂದ ಯಾರೂ ಮುಟ್ಟದ ಸಿಸ್ಟಮ್ ಫೈಲ್ ಕೂಡ ಹಾಳಾಗಬಹುದು. ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಪಡಿಸಲೆಂದು ಲಿನಕ್ಸ್ ಜರ್ನಲ್ ಇಟ್ಟುಕೊಳ್ಳುತ್ತದೆ, ನಿಜ. ಆದರೆ ಕಾರ್ಡಿನ ಹೊಟ್ಟೆಯೊಳಗೆ ನಡೆಯುವ ಈ ಸಾಗಾಟ ಲಿನಕ್ಸ್‌ಗೆ ಕಾಣುವುದೇ ಇಲ್ಲ.

ಇನ್ನೊಂದು ತೊಂದರೆ ಸವೆತ. ಪ್ರತಿ ಬ್ಲಾಕನ್ನು ಇಷ್ಟೇ ಸಲ ಅಳಿಸಿ ಬರೆಯಬಹುದೆಂಬ ಮಿತಿಯಿದೆ. ಮಿತಿ ಮುಟ್ಟಿದ ಕೆಲವು ಕಾರ್ಡುಗಳು ವಿಚಿತ್ರವಾಗಿ ವರ್ತಿಸುತ್ತವೆ: ಫೈಲ್ ಉಳಿಸಿದರೆ ಉಳಿದಂತೆ ಕಾಣುತ್ತದೆ, ರೀಬೂಟ್ ಮಾಡಿದರೆ ಹಳೆಯದೇ ಇರುತ್ತದೆ. `dmesg` ಕೊಟ್ಟಾಗ `mmcblk0` ಹೆಸರಿನ ಜೊತೆ `I/O error` ಕಾಣತೊಡಗಿದರೂ ಕಾರ್ಡ್ ಬದಲಿಸುವ ಕಾಲ ಬಂತೆಂದೇ ಅರ್ಥ.

ತನ್ನ ಸರ್ವರ್ ಎಷ್ಟು ಬರೆಯುತ್ತಿದೆ ಎಂಬುದನ್ನು ಯಾರು ಬೇಕಾದರೂ ಅಳೆಯಬಹುದು. ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಈ ಆಜ್ಞೆ ಸಾಕು:

```
cat /sys/fs/ext4/mmcblk0p2/lifetime_write_kbytes
```

ಬರುವ ಸಂಖ್ಯೆ ಈವರೆಗೆ ಬರೆದ ಕಿಲೋಬೈಟ್‌ಗಳದು. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ ಕಳೆದರೆ ದಿನದ ಲೆಕ್ಕ ಸಿಗುತ್ತದೆ. ಸಂಪಿನ ನೀರಿನ ಮಟ್ಟ, ಕೋಣೆಗಳ ಉಷ್ಣತೆ, ವಿದ್ಯುತ್ ಬಳಕೆಯನ್ನು ಕೆಲವು ಸೆಕೆಂಡಿಗೊಮ್ಮೆ ಡೇಟಾಬೇಸಿಗೆ ಸೇರಿಸುವ ಮನೆಯೊಂದನ್ನು ತೆಗೆದುಕೊಳ್ಳೋಣ. ನಿನ್ನೆ 8,20,00,000 ಇದ್ದದ್ದು ಇಂದು 8,60,00,000 ಆಗಿದ್ದರೆ ಒಂದು ದಿನದ ಬರವಣಿಗೆ ಸುಮಾರು 4 ಜಿಬಿ. ಅಳತೆಗಳೇ ಅಷ್ಟಿರುವುದಿಲ್ಲ. ಒಂದು ಸಣ್ಣ ಸಾಲು ಸೇರಿಸಲು ಡೇಟಾಬೇಸ್ ಇಡೀ ಪುಟಗಳನ್ನೇ ಬರೆಯುತ್ತದೆ, ಜರ್ನಲ್ ಅದಕ್ಕಿನ್ನಷ್ಟು ಸೇರಿಸುತ್ತದೆ.

ಸರ್ವರ್ ಏನನ್ನೂ ನೆನಪಿಡಬೇಕಿಲ್ಲದಿದ್ದರೆ ಪರಿಹಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಜಾಹೀರಾತು ತಡೆಯುವ ಪೈ-ಹೋಲ್ ಇಂಥದ್ದು. `sudo raspi-config` ತೆರೆದು, `Performance Options` ಒಳಗಿನ `Overlay File System` ಆರಿಸಿ ರೀಬೂಟ್ ಮಾಡಿದರೆ ಕಾರ್ಡ್ ಓದಲು ಮಾತ್ರ ಬಳಕೆಯಾಗುತ್ತದೆ. ಹೊಸ ಬರವಣಿಗೆಯೆಲ್ಲ ರ್‍ಯಾಮ್‌ನಲ್ಲಿ ಉಳಿಯುತ್ತದೆ. ಬೂಟ್ ವಿಭಾಗಕ್ಕೂ ಬರಹ ತಡೆ ಬೇಕೇ ಎಂದು ಕೇಳಿದಾಗ ಹೌದೆನ್ನಬೇಕು. ಇದಾದ ಮೇಲೆ ಕರೆಂಟ್ ಯಾವಾಗ ಹೋದರೂ ಪೈ ಮೊದಲಿನ ಸ್ಥಿತಿಯಲ್ಲೇ ಏಳುತ್ತದೆ. ಆದರೆ ಅಂದಿನವರೆಗಿನ ಲಾಗ್‌ಗಳು ಅಳಿದುಹೋಗುತ್ತವೆ. ಅಪ್‌ಡೇಟ್ ಮಾಡುವಾಗ ಈ ವ್ಯವಸ್ಥೆಯನ್ನು ಆರಿಸಿ, ರೀಬೂಟ್ ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಹಾಕಬೇಕು. ಮರೆತರೆ ಅಪ್‌ಡೇಟ್ ಕೂಡ ಅಳಿದುಹೋಗುತ್ತದೆ.

ಸಂಪಿನ ಲೆಕ್ಕ ಇಡುವ ಮನೆಗೆ ಇದು ಒಗ್ಗದು, ಅಲ್ಲಿ ದಾಖಲೆಯೇ ಮುಖ್ಯ. ಅಂಥವರಿಗೆ ಬೇಕಾದದ್ದು ಎಸ್‌ಎಸ್‌ಡಿ. ಅದರಲ್ಲಿಯೂ ಇರುವುದು ಫ್ಲ್ಯಾಶ್ ಮೆಮೊರಿಯೇ, ಆದರೆ ಕಂಟ್ರೋಲರ್ ಹೆಚ್ಚು ಸಮರ್ಥವಾದದ್ದು, ಸವೆತವನ್ನು ಹಂಚಲು ಜಾಗವೂ ಬೇಕಾದಷ್ಟು. 250 ಜಿಬಿಯ ಒಳ್ಳೆಯ ಎಸ್‌ಎಸ್‌ಡಿಗೆ ತಯಾರಕರು 150 ಟಿಬಿ ಬರವಣಿಗೆಯ ಭರವಸೆ ಕೊಡುವುದುಂಟು. ದಿನಕ್ಕೆ 4 ಜಿಬಿಯಂತೆ ಅದು ಮುಗಿಯಲು ನೂರು ವರ್ಷ ಬೇಕು. ಸಣ್ಣ ಸಣ್ಣ ಬರವಣಿಗೆಯಿಂದ ಸವೆತ ಹತ್ತು ಪಟ್ಟಾಯಿತೆಂದರೂ ಹತ್ತು ವರ್ಷ ಬಾಳುತ್ತದೆ.

2019ರಲ್ಲಿ ಬಂದ ಪೈ 4ರಲ್ಲಿ ಯುಎಸ್‌ಬಿ ಅಡಾಪ್ಟರಿನಲ್ಲಿಟ್ಟ ಎಸ್‌ಎಸ್‌ಡಿಯನ್ನು ನೀಲಿ ಪೋರ್ಟಿಗೆ ಚುಚ್ಚಬೇಕು. ಮೆನುವಿನಲ್ಲಿರುವ `SD Card Copier`ನಿಂದ ಕಾರ್ಡಿನಲ್ಲಿರುವುದನ್ನೆಲ್ಲ ಅದಕ್ಕೆ ನಕಲು ಮಾಡಿ, ಪೈ ಆರಿಸಿ, ಕಾರ್ಡ್ ತೆಗೆದು ಮತ್ತೆ ಹಾಕಿದರಾಯಿತು. ಏಳದಿದ್ದರೆ ಹಳೆಯ ಬೂಟ್‌ಲೋಡರ್ ಇರಬಹುದು. ಕಾರ್ಡಿನಿಂದಲೇ ಏಳಿಸಿ `sudo rpi-eeprom-update -a` ಕೊಟ್ಟು ರೀಬೂಟ್ ಮಾಡಬೇಕು. ಎದ್ದ ಮೇಲೆ `findmnt /` ಕೊಟ್ಟಾಗ `mmcblk0p2` ಬದಲು `sda2` ಕಂಡರೆ ವರ್ಗಾವಣೆ ಆಗಿದೆ.

ಪೈ 4ರ ಯುಎಸ್‌ಬಿ ಪೋರ್ಟುಗಳೆಲ್ಲ ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ. ಹಳೆಯ ಮೊಬೈಲ್ ಚಾರ್ಜರಿನಲ್ಲಿ ನಡೆಸಿದರೆ ಎಸ್‌ಎಸ್‌ಡಿ ನಡುವೆಯೇ ಕಡಿದುಹೋಗಿ ಹೊಸ ತೊಂದರೆ ಶುರುವಾಗುತ್ತದೆ, ಆದ್ದರಿಂದ 3 ಆಂಪಿಯರಿನ ಅಡಾಪ್ಟರ್ ಬೇಕು. ಸಾಮಾನ್ಯ ಎಸ್‌ಎಸ್‌ಡಿಗಳಿಗೂ ದಿಢೀರ್ ಕರೆಂಟ್ ಹೋಗುವುದರಿಂದ ಪೂರ್ಣ ರಕ್ಷಣೆ ಇಲ್ಲ. ಹೀಗಾಗಿ ಡೇಟಾಬೇಸಿನ ಒಂದು ಪ್ರತಿಯನ್ನು ಪ್ರತಿ ರಾತ್ರಿ ಮನೆಯ ಬೇರೊಂದು ಕಂಪ್ಯೂಟರಿಗೆ ಕಳಿಸುವ ಏರ್ಪಾಡು ಎಸ್‌ಎಸ್‌ಡಿ ಬಂದ ಮೇಲೂ ಮುಂದುವರಿಯಬೇಕು.