ಅಜ್ಜನ ಎಂಬತ್ತಕ್ಕೆ ಮೊಮ್ಮಗಳ ಮಾತು

80 ವರ್ಷ 10 ತಿಂಗಳಿಗೆ ಮನುಷ್ಯ ಸಾವಿರ ಹುಣ್ಣಿಮೆ ಕಂಡಿರುತ್ತಾನೆ. ಸಹಸ್ರಚಂದ್ರ ದರ್ಶನ ಶಾಂತಿಯ ಹಿಂದಿರುವುದು ಇದೇ ಲೆಕ್ಕ. ಆ ದಿನ ಊಟಕ್ಕೆ ಮುಂಚೆ ಮೊಮ್ಮಗಳ ಕೈಗೆ ಮೈಕ್ ಸಿಗುವುದು ಐದೇ ನಿಮಿಷ. ಎಂಟೂ ದಶಕಗಳಿಗೆ ಸಮನಾಗಿ ಹಂಚಿದರೆ ಯಾವುದೂ ಮನಸ್ಸಿಗೆ ತಟ್ಟುವುದಿಲ್ಲ.

1945ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅಜ್ಜನನ್ನು ತೆಗೆದುಕೊಳ್ಳಿ. ಹುಟ್ಟಿದ್ದು ಮುಂಬಯಿ ಪ್ರಾಂತ್ಯದಲ್ಲಿ. ಹನ್ನೊಂದನೆಯ ವಯಸ್ಸಿಗೆ, 1956ರಲ್ಲಿ, ಊರು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಅದೇ ಕರ್ನಾಟಕವಾಯಿತು. “ಅಜ್ಜಾ, ನೀವು ಮನಿ ಬಿಡಲಿಲ್ಲ, ರಾಜ್ಯದ ಹೆಸರು ಎರಡು ಸಲ ಬದಲಾತು” ಎಂದರೆ ಮೂರು ದಶಕ ಒಂದೇ ಮಾತಿನಲ್ಲಿ ಮುಗಿಯುತ್ತವೆ. ನೌಕರಿ, ಮನೆ ಸಾಲ, ಮಕ್ಕಳ ಮದುವೆ, ನಿವೃತ್ತಿಗೆ ಒಂದೊಂದು ವಾಕ್ಯ ಸಾಕು. ಉಳಿದ ಸಮಯವೆಲ್ಲ ಮೊಮ್ಮಗಳು ಕಣ್ಣಾರೆ ಕಂಡ ಕೊನೆಯ ಎರಡು ದಶಕಗಳಿಗೆ: ಸೈಕಲ್ಲಿನ ಮುಂದಿನ ದಂಡಿಗೆ ಟವೆಲ್ ಸುತ್ತಿ ಕೂರಿಸಿಕೊಂಡು ಶಾಲೆಗೆ ಬಿಟ್ಟದ್ದು, ಅಜ್ಜಿ ಹೋದ ಮೇಲೆ ತಾವೇ ಚಹಾ ಮಾಡಲು ಕಲಿತದ್ದು.

ನೆನಪು ಇಸವಿ ತಪ್ಪಿಸುತ್ತದೆ. ಶಾಲೆಯ ಸರ್ಟಿಫಿಕೇಟು, ಲಗ್ನಪತ್ರಿಕೆ, ಫೋಟೋದ ಹಿಂಬದಿಯ ತಾರೀಖು ನೋಡಿಕೊಳ್ಳಿ. ನೋವಿನ ಸಂಗತಿಯಿದ್ದರೆ ಸಭೆಗೆ ಮೊದಲೇ ಅಜ್ಜನನ್ನು ಕೇಳಿ, ಬೇಡವೆಂದರೆ ಬಿಟ್ಟುಬಿಡಿ.