ಅಡ್ವಾನ್ಸಿನಲ್ಲಿ ಮುರಿದುಕೊಂಡ ದುಡ್ಡಿಗೆ ಒಂದು ಉತ್ತರ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಡುವವರಿಗೆ ಸಾಮಾನು ಸಾಗಿಸುವುದಕ್ಕಿಂತ ಅಡ್ವಾನ್ಸು ವಾಪಸ್ ಪಡೆಯುವುದೇ ದೊಡ್ಡ ಕೆಲಸ. ಕೀಲಿ ಕೊಟ್ಟ ಒಂದೆರಡು ವಾರಕ್ಕೆ ಮಾಲೀಕರಿಂದ ವಾಟ್ಸಾಪಿನಲ್ಲಿ ಒಂದು ಪಟ್ಟಿ ಬರುತ್ತದೆ. ಅದನ್ನು ನೋಡಿದ ಕೂಡಲೇ ಹೆಚ್ಚಿನವರು ಫೋನು ಮಾಡಿ ಜಗಳವಾಡುತ್ತಾರೆ, ಇಲ್ಲವೇ ಹಾಳಾಗಿ ಹೋಗಲಿ ಎಂದು ಸುಮ್ಮನಾಗುತ್ತಾರೆ. ಎರಡಕ್ಕಿಂತಲೂ ಉಪಯೋಗಕ್ಕೆ ಬರುವುದು ಲಿಖಿತ ಉತ್ತರ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎರಡು ಕೋಣೆಯ ಮನೆ, ತಿಂಗಳಿಗೆ 22,000 ರೂಪಾಯಿ ಬಾಡಿಗೆ, ಎರಡು ಲಕ್ಷ ಅಡ್ವಾನ್ಸು. ಮೂರು ವರ್ಷ ಚಿಲ್ಲರೆ ಇದ್ದ ಕುಟುಂಬ ಮನೆ ಬಿಟ್ಟಿದೆ. ಮಾಲೀಕರು ಪೇಂಟಿಂಗಿಗೆ 38,000, ಹೊಸ ಗೀಸರಿಗೆ 9,500, ಬಚ್ಚಲುಮನೆ ಬಾಗಿಲಿಗೆ 6,500, ಬಿರುಕು ಬಿಟ್ಟ ವಾಶ್ ಬೇಸಿನ್‌ಗೆ 4,500, ಅಡುಗೆಮನೆ ಜಿಡ್ಡು ತೆಗೆಸಲು 5,000, ನಲ್ಲಿ ಮತ್ತು ವಾರ್ಡ್‌ರೋಬಿನ ಕೀಲುಗಳಿಗೆ 3,500, ಹೀಗೆ ಒಟ್ಟು 67,000 ಮುರಿದುಕೊಂಡು ಉಳಿದ 1,33,000 ಕೊಟ್ಟಿದ್ದಾರೆ.

ಉತ್ತರ ಬರೆಯುವ ಮೊದಲು ಕಾನೂನಿನ ಒಂದು ವಾಕ್ಯ ಗೊತ್ತಿರಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಪ್ರಕರಣದ ‘ಎಂ’ ಖಂಡದ ಪ್ರಕಾರ ಬಾಡಿಗೆದಾರ ಮನೆಯನ್ನು ತಾನು ಪಡೆದಾಗ ಇದ್ದಷ್ಟೇ ಒಳ್ಳೆಯ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಆದರೆ ನ್ಯಾಯವಾದ ಬಳಕೆಯಿಂದ ಆದ ಸವೆತಕ್ಕೂ ಯಾರೂ ತಡೆಯಲಾಗದ ಅನಾಹುತದಿಂದ ಆದ ಬದಲಾವಣೆಗೂ ಅವನು ಹೊಣೆಯಲ್ಲ. ಬಾಡಿಗೆ ಎಂದು ಕೊಡುವುದೇ ಮನೆಯನ್ನು ಬಳಸುವುದಕ್ಕೆ; ಬಳಸಿದರೆ ಸವೆಯುತ್ತದೆ. ಆ ಸವೆತದ ಬೆಲೆ ತಿಂಗಳು ತಿಂಗಳೂ ಸಂದಾಯವಾಗಿರುತ್ತದೆ, ಮನೆ ಬಿಡುವಾಗ ಅದನ್ನು ಮತ್ತೊಮ್ಮೆ ಕೇಳುವಂತಿಲ್ಲ.

ಇದಕ್ಕೆ ಒಂದು ಮಿತಿಯುಂಟು. ಅದೇ 108ನೇ ಪ್ರಕರಣ, ಕರಾರಿನಲ್ಲಿ ಬೇರೆ ರೀತಿ ಒಪ್ಪಿದ್ದರೆ ಆ ಒಪ್ಪಂದವೇ ನಡೆಯುತ್ತದೆ ಎಂದೂ ಹೇಳುತ್ತದೆ. ನಮ್ಮ ಹನ್ನೊಂದು ತಿಂಗಳ ಕರಾರು ಪತ್ರಗಳಲ್ಲಿ ‘ಮನೆ ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಲಾಗುವುದು’ ಎಂಬ ಸಾಲು ಇರುವುದೇ ಹೆಚ್ಚು. ಸಹಿ ಹಾಕಿದ ಮೇಲೆ ಅದು ಅನ್ಯಾಯ ಎಂದು ವಾದಿಸಿ ಪ್ರಯೋಜನವಿಲ್ಲ. ಆದರೆ ಆ ಸಾಲು ಬಾಡಿಗೆದಾರನಿಗೂ ಒಂದು ರಕ್ಷಣೆ. ಒಂದು ತಿಂಗಳ ಬಾಡಿಗೆ ಎಂದು ಬರೆದಿದ್ದರೆ ಗೋಡೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಮೊಳೆ ಹೊಡೆದ ತೂತು, ಸೋಫಾ ಒರಗಿದ ಕಲೆ, ಮಗು ಗೀಚಿದ ಗೆರೆ ಎಂದು ಅದರ ಮೇಲೆ ಇನ್ನೊಂದು ಬಿಲ್ಲು ಸೇರಿಸಬಾರದು.

ಹಾಗಾಗಿ ನಮ್ಮ ಉದಾಹರಣೆಯ ಬಾಡಿಗೆದಾರರ ಪತ್ರ ಹೀಗೆ ಸಾಗಬಹುದು:

“ಮಾನ್ಯರೇ, ತಾವು ಕಳಿಸಿದ 67,000 ರೂಪಾಯಿಯ ಪಟ್ಟಿ ತಲುಪಿದೆ. ಒಂದೊಂದಕ್ಕೂ ನನ್ನ ಉತ್ತರ ಇಲ್ಲಿದೆ. ಪೇಂಟಿಂಗ್: ಕರಾರಿನ ಪ್ರಕಾರ ಒಂದು ತಿಂಗಳ ಬಾಡಿಗೆ 22,000 ರೂಪಾಯಿಯನ್ನು ಒಪ್ಪುತ್ತೇನೆ. ಹೆಚ್ಚಿನ 16,000ಕ್ಕೆ ಆಧಾರವಿಲ್ಲ. ವಾಶ್ ಬೇಸಿನ್: ನಮ್ಮ ಕೈಯಿಂದಲೇ ಆದ ಹಾನಿ. ಬಿಲ್ಲಿನ ಪ್ರತಿ ಕಳಿಸಿದರೆ 4,500 ಒಪ್ಪುತ್ತೇನೆ. ಅಡುಗೆಮನೆ: ಟೈಲ್ಸಿನ ಮೇಲಿನ ಜಿಡ್ಡನ್ನು ನಾವು ತೆಗೆದು ಹೋಗಬೇಕಿತ್ತು. ಇದಕ್ಕೂ ಬಿಲ್ಲು ಕೊಟ್ಟರೆ 5,000 ಒಪ್ಪುತ್ತೇನೆ.”

ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುವುದು ಜಾಣತನ ಎಂದು ನನಗನ್ನಿಸುತ್ತದೆ. ಬಿರುಕು ಬಿಟ್ಟ ಬೇಸಿನ್ನನ್ನೂ ಸವೆತ ಎಂದು ವಾದಿಸುವವನ ಮಿಕ್ಕ ಮಾತನ್ನು ಯಾರೂ ನಂಬುವುದಿಲ್ಲ. ಜಿಡ್ಡಿನದ್ದೂ ಅಷ್ಟೇ. ಒಲೆಯ ಹಿಂದಿನ ಟೈಲ್ಸು ಹೊಳಪು ಕಳೆದುಕೊಳ್ಳುವುದು ಸವೆತ, ಅದರ ಮೇಲೆ ಎಣ್ಣೆ ಕಟ್ಟಿಕೊಂಡಿರುವುದು ಒರೆಸದೆ ಬಿಟ್ಟದ್ದು.

ಪತ್ರದ ತೂಕವಿರುವುದು ಮುಂದಿನ ಎರಡು ಬಾಬುಗಳಲ್ಲಿ.

“ಗೀಸರ್: ನಾವು ಮನೆಗೆ ಬರುವಾಗಲೇ ಅದು ಐದು ವರ್ಷ ಹಳೆಯದು. ಬೋರ್‌ವೆಲ್ಲಿನ ಗಡಸು ನೀರಿನಿಂದ ಎಲಿಮೆಂಟಿನ ಮೇಲೆ ಬಿಳಿ ಪದರ ಕಟ್ಟಿ ಅದು ಸುಟ್ಟಿದೆ ಎಂದು ಬಿಚ್ಚಿ ನೋಡಿದ ಎಲೆಕ್ಟ್ರಿಷಿಯನ್ ಹೇಳಿದ್ದಾರೆ. ಫೋಟೋ ಲಗತ್ತಿಸಿದ್ದೇನೆ. ಇದು ದಿನನಿತ್ಯದ ಬಳಕೆಯಿಂದ ಆದದ್ದು. 9,500 ಒಪ್ಪಲು ಸಾಧ್ಯವಿಲ್ಲ.”

ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣದಂಶ ಎಲಿಮೆಂಟಿಗೆ ಅಂಟುತ್ತದೆ. ಪದರ ದಪ್ಪವಾದಂತೆ ಶಾಖ ನೀರಿಗೆ ಸರಿಯಾಗಿ ಹೋಗದೆ ಎಲಿಮೆಂಟೇ ಅತಿಯಾಗಿ ಕಾದು ಒಂದು ದಿನ ಸುಡುತ್ತದೆ. ದಪ್ಪನೆಯ ಬಿಳಿ ಪದರ ಕಂಡರೆ ನೀರು ಮತ್ತು ವಯಸ್ಸಿನ ಕಡೆಗೆ ಬೊಟ್ಟು ಮಾಡಬಹುದು. ಟ್ಯಾಂಕಿಯಲ್ಲಿ ನೀರಿಲ್ಲದೆ ಸ್ವಿಚ್ ಹಾಕಿ ಸುಟ್ಟಿದ್ದರೆ ಅದು ಬಳಸಿದವರ ತಪ್ಪು. ಆಗಲೂ ಎಂಟು ವರ್ಷದ ಗೀಸರಿಗೆ ಹೊಸ ಗೀಸರಿನ ಪೂರ್ತಿ ಬೆಲೆ ಕೇಳುವುದು ನ್ಯಾಯವಲ್ಲ. ಮಾಲೀಕರಿಗೆ ಆದ ನಷ್ಟ ಎಂಟು ವರ್ಷ ದುಡಿದ ವಸ್ತುವಿನದು. ಎಲಿಮೆಂಟ್ ಬದಲಿಸಿದರೆ ಸರಿಹೋಗುವುದಾದರೆ ಕೇಳಬಹುದಾದದ್ದು ಅಷ್ಟೇ.

“ಬಚ್ಚಲುಮನೆ ಬಾಗಿಲು: ನೆಲದ ಇಳಿಜಾರು ಬಾಗಿಲ ಕಡೆಗಿರುವುದರಿಂದ ನೀರು ಹೊಸ್ತಿಲ ಬಳಿ ನಿಂತು ಬಾಗಿಲಿನ ಕೆಳತುದಿ ಉಬ್ಬಿದೆ. ಎರಡನೇ ವರ್ಷದಲ್ಲೇ ಫೋಟೋ ಸಮೇತ ತಮಗೆ ತಿಳಿಸಿದ್ದೆ. ‘ನೋಡೋಣ’ ಎಂದು ತಾವು ಉತ್ತರಿಸಿದ ಸಂದೇಶದ ಪ್ರತಿ ಜೊತೆಗಿದೆ. 6,500 ನನ್ನ ಹೊಣೆಯಲ್ಲ. ನಲ್ಲಿಯ ವಾಷರ್ ಸವೆದಿರುವುದು, ವಾರ್ಡ್‌ರೋಬಿನ ಕೀಲು ಸಡಿಲವಾಗಿರುವುದು ಬಳಕೆಯ ಸವೆತವಾದ್ದರಿಂದ 3,500ನ್ನೂ ಒಪ್ಪುವುದಿಲ್ಲ.”

ಆ ಹಳೆಯ ಸಂದೇಶವೇ ಇಲ್ಲಿ ಇಡೀ ವಾದವನ್ನು ಹೊತ್ತಿದೆ. ನೀರು ನಿಲ್ಲುವುದನ್ನು ಕಂಡೂ ಮೂರು ವರ್ಷ ಬಾಯಿಬಿಡದೆ ಇದ್ದಿದ್ದರೆ, ಹಾನಿ ಬೆಳೆಯಲು ಬಿಟ್ಟಿರಿ ಎಂದು ಮಾಲೀಕರು ಹೇಳಬಹುದಿತ್ತು. ಆ ಮಾತಿಗೆ ಬಲವೂ ಇರುತ್ತಿತ್ತು. ಮನೆಗೆ ಬಂದ ದಿನ ತೆಗೆದ ಫೋಟೋಗಳದ್ದೂ ಇದೇ ಬೆಲೆ. ‘ಪಡೆದಾಗ ಇದ್ದ ಸ್ಥಿತಿ’ ಎಂದು ಕಾನೂನು ಹೇಳುವುದನ್ನು ತೋರಿಸಲು ಬೇರೆ ದಾರಿ ಕಡಿಮೆ.

ಪತ್ರದ ಕೊನೆಗೆ ಲೆಕ್ಕ ಬರಬೇಕು. ಒಪ್ಪಿದ್ದು 31,500, ವಾಪಸ್ ಬರಬೇಕಾದದ್ದು 35,500. ಹದಿನೈದು ದಿನದೊಳಗೆ ಇಂಥ ಖಾತೆಗೆ ಹಾಕಿ ಎಂದು ಬರೆದು, ದಿನಾಂಕ ಮತ್ತು ಸಹಿ ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಬೇಕು. ಅದರ ಪ್ರತಿಯನ್ನು ವಾಟ್ಸಾಪಿಗೂ ಹಾಕಬಹುದು. ಬೈಗುಳ, ವ್ಯಂಗ್ಯ ಒಂದೂ ಬೇಡ. ನಾಳೆ ಈ ಕಾಗದವನ್ನು ವಕೀಲರೋ ನ್ಯಾಯಾಧೀಶರೋ ಓದಬಹುದು.

ಮೊದಲ ಕಂತಿನ ಹಣ ಕೊಡುವಾಗ ಕೆಲವು ಮಾಲೀಕರು ‘ಅಡ್ವಾನ್ಸು ಪೂರ್ತಿ ಚುಕ್ತಾ’ ಎಂದು ಬರೆದ ಚೀಟಿಗೆ ಸಹಿ ಕೇಳುತ್ತಾರೆ. ಬಾಕಿ ಬರಬೇಕಿದ್ದರೆ ಹಾಗೆ ಸಹಿ ಹಾಕಬೇಡಿ, ‘ಭಾಗಶಃ ಮೊತ್ತ ತಲುಪಿದೆ’ ಎಂದು ಬರೆದು ಹಾಕಿ. ಪತ್ರಕ್ಕೆ ಉತ್ತರ ಬಾರದಿದ್ದರೆ ಮುಂದಿನದು ವಕೀಲರ ನೋಟಿಸು, ಆಮೇಲೆ ಸಿವಿಲ್ ದಾವೆ. ಇಂಥ ಹಣದ ದಾವೆ ಹೂಡಲು ಸಾಮಾನ್ಯವಾಗಿ ಇರುವ ಅವಧಿ, ಹಣ ವಾಪಸ್ ಬರಬೇಕಾಗಿದ್ದ ದಿನದಿಂದ ಮೂರು ವರ್ಷ.