ಪೂಜೆಯ ಧೂಪ ಮತ್ತು ಕರ್ಪೂರ: ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದುವ ಬಗೆ

ಅಷ್ಟವಿಧಾರ್ಚನೆಯಲ್ಲಿ ಧೂಪಕ್ಕೆ ಐದನೆಯ ಸ್ಥಾನ. ಗುಡಿಯ ಗರ್ಭಗೃಹದಲ್ಲಿ ಹಚ್ಚಿದ ಧೂಪ ಭಕ್ತನಿಂದ ಹತ್ತು ಮಾರು ದೂರದಲ್ಲಿರುತ್ತದೆ. ಇಷ್ಟಲಿಂಗ ಪೂಜೆಯ ರೀತಿ ಹಾಗಲ್ಲ. ಲಿಂಗವು ಎಡ ಅಂಗೈಯ ಮೇಲೆ, ದೃಷ್ಟಿ ಅದರ ಮೇಲೆ, ಊದಿನಕಡ್ಡಿ ಒಂದು ಮೊಳದ ಅಂತರದಲ್ಲಿ. ಅರ್ಧ ಗಂಟೆ ಪೂಜೆಗೆ ಕುಳಿತವರು ಅರ್ಧ ಗಂಟೆ ಆ ಹೊಗೆಯನ್ನೇ ಉಸಿರಾಡುತ್ತಾರೆ. ಜೋಯಿಡಾ, ದಾಂಡೇಲಿಗಳ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕುಳಿತರಂತೂ ಹೊಗೆಗೆ ಹೋಗಲು ದಾರಿಯೇ ಇರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಹಳಿಯಾಳದ ನಮ್ಮ ಸೋದರತ್ತೆಯವರ ಮನೆಗೆ ಹೋಗಿದ್ದೆ. ಬೆಳಗಿನ ಪೂಜೆ ಮುಗಿಯುತ್ತಲೇ ಅವರಿಗೆ ಕೆಮ್ಮು ಹತ್ತುತ್ತಿತ್ತು. ಏಳು ವರ್ಷದ ಮೊಮ್ಮಗಳು ಆ ಕೋಣೆಗೆ ಬಂದರೆ ಕಣ್ಣುಜ್ಜಿಕೊಂಡು ಹೊರಗೆ ಓಡುತ್ತಿದ್ದಳು. "ದೇವರ ಹೊಗಿಯಿಂದ ಯಾರಿಗಾದರೂ ಕೆಡಕಾಗತೈತೇನಪ್ಪಾ?" ಎಂದು ಅತ್ತೆ ನನ್ನನ್ನು ಕೇಳಿದರು. ಉತ್ತರ ಹೇಳುವ ಮೊದಲು ಜಗಲಿಯ ಮೇಲಿದ್ದ ಪೊಟ್ಟಣಗಳನ್ನು ಬೆಳಕಿಗೆ ಹಿಡಿದು ಓದಿದೆ. ಎರಡು ಊದಿನಕಡ್ಡಿಯವು, ಒಂದು ಕರ್ಪೂರದ್ದು.

ಮೊದಲನೆಯ ಪೊಟ್ಟಣದ ಮೇಲೆ ಶ್ರೀಗಂಧದ ಕೊರಡಿನ ಚಿತ್ರವಿತ್ತು. ಇಪ್ಪತ್ತು ಕಡ್ಡಿಗೆ ಮೂವತ್ತು ರೂಪಾಯಿ. ಹಿಂಬದಿಯಲ್ಲಿ ತಯಾರಕರ ಹೆಸರು, ವಿಳಾಸ, ಕಡ್ಡಿಗಳ ಸಂಖ್ಯೆ, ತಯಾರಾದ ತಿಂಗಳು, ಗರಿಷ್ಠ ಬೆಲೆ, ದೂರು ಹೇಳಲು ಒಂದು ಫೋನ್ ಸಂಖ್ಯೆ ಇಷ್ಟೇ ಇದ್ದವು. ಇವು 2011ರ ಪೊಟ್ಟಣ ಸರಕುಗಳ ನಿಯಮಗಳು ಕೇಳುವ ವಿವರಗಳು. ಒಳಗೆ ಏನೇನು ಬೆರೆತಿದೆ ಎಂಬುದನ್ನು ಆ ನಿಯಮಗಳು ಕೇಳುವುದಿಲ್ಲ. ಆದ್ದರಿಂದ ಊದಿನಕಡ್ಡಿಯ ಲೇಬಲ್ಲನ್ನು ಓದುವುದೆಂದರೆ ಅದು ಹೇಳದೆ ಬಿಟ್ಟದ್ದನ್ನೂ ಊಹಿಸಿಕೊಳ್ಳುವುದು.

ಆ ಊಹೆಗೆ ನಮ್ಮ ಮೊದಲ ಸಾಧನ ಲೆಕ್ಕ. ಶುದ್ಧ ಶ್ರೀಗಂಧದ ಎಣ್ಣೆಯ ಬೆಲೆ ಕಿಲೋಗೆ ಒಂದು ಲಕ್ಷ ರೂಪಾಯಿಗೂ ಮೇಲೆ. ಅಂದರೆ ಒಂದು ಗ್ರಾಮಿಗೆ ನೂರು ರೂಪಾಯಿಗೂ ಹೆಚ್ಚು. ಸುಮಾರು ಒಂದು ಗ್ರಾಂ ತೂಗುವ ಕಡ್ಡಿಗೆ ಅದರ ಹತ್ತನೆಯ ಒಂದು ಪಾಲು ಎಣ್ಣೆ ಹಾಕಿದರೂ ಒಂದು ಕಡ್ಡಿಯ ಪರಿಮಳಕ್ಕೇ ಹತ್ತು ರೂಪಾಯಿ, ಇಪ್ಪತ್ತು ಕಡ್ಡಿಗೆ ಇನ್ನೂರು ರೂಪಾಯಿ ಆಗುತ್ತದೆ. ಮೂವತ್ತು ರೂಪಾಯಿಯ ಪೊಟ್ಟಣದಲ್ಲಿ ಇರುವುದು ಶ್ರೀಗಂಧದ ಹೆಸರು ಮಾತ್ರ, ಪರಿಮಳ ಕಾರ್ಖಾನೆಯದು. ಮಲ್ಲಿಗೆ, ಕೇದಗೆ, ಗುಲಾಬಿಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಇದರಿಂದ ಆ ಕಡ್ಡಿ ವಿಷವೆಂದು ಸಿದ್ಧವಾಗುವುದಿಲ್ಲ. ಹೂವಿನ ಚಿತ್ರವನ್ನು ನಂಬಿ ಕೊಳ್ಳಬಾರದೆಂಬುದಷ್ಟೇ ಸಿದ್ಧವಾಗುತ್ತದೆ.

ಪರಿಮಳ ಕಡ್ಡಿಗೆ ಸೇರುವ ಬಗೆ ಎರಡು. ಮೊದಲನೆಯದು ಮಸಾಲೆಬತ್ತಿ. ಬೇರು, ತೊಗಟೆ, ಅಂಟು, ಗಂಧದ ಪುಡಿಗಳನ್ನು ಜಿಗಟಿನೊಂದಿಗೆ ಕಲಸಿ ಕಡ್ಡಿಗೆ ಹೊಸೆಯುತ್ತಾರೆ. ಪರಿಮಳ ಆ ಹಿಟ್ಟಿನಲ್ಲಿಯೇ ಇರುತ್ತದೆ. ಎರಡನೆಯದು ಅದ್ದಿದ ಬತ್ತಿ. ಇದ್ದಿಲಪುಡಿ, ಮರದ ಹೊಟ್ಟು, ಜಿಗಟುಗಳಿಂದ ವಾಸನೆಯಿಲ್ಲದ ಕಪ್ಪು ಕಡ್ಡಿಯನ್ನು ಮಾಡಿ, ಒಣಗಿಸಿ, ಬಳಿಕ ಪರಿಮಳದ್ರವದಲ್ಲಿ ಅದ್ದುತ್ತಾರೆ. ಆ ದ್ರವದಲ್ಲಿ ಪರಿಮಳಕ್ಕಿಂತ ಅದನ್ನು ತೆಳುಗೊಳಿಸುವ ಎಣ್ಣೆಯೇ ಹೆಚ್ಚಾಗಿರುವುದುಂಟು. ಬಹುಕಾಲದಿಂದ ಈ ಕೆಲಸಕ್ಕೆ ಬಳಕೆಯಲ್ಲಿರುವುದು ಡಿಇಪಿ, ಅಂದರೆ ಡೈಈಥೈಲ್ ಥ್ಯಾಲೇಟ್ ಎಂಬ ರಾಸಾಯನಿಕ. ಅಗ್ಗವಾದುದು, ವಾಸನೆಯಿಲ್ಲದುದು, ಬೇಗ ಆರದುದು. ಕಡ್ಡಿ ಉರಿಯುವಾಗ ಅದೂ ಕಾದು ದಟ್ಟ ಬಿಳಿಹೊಗೆಯಾಗಿ ಏಳುತ್ತದೆ.

ಅತ್ತೆಯವರ ಕಡ್ಡಿ ಯಾವ ಬಗೆಯದೆಂದು ತಿಳಿಯಲು ಎರಡು ಕಡ್ಡಿಗಳನ್ನು ಬಿಳಿಯ ಕಾಗದದ ಮೇಲಿಟ್ಟು, ಮೇಲೊಂದು ಪುಸ್ತಕ ಹೇರಿ ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಕಾಗದದ ಮೇಲೆ ಎಣ್ಣೆಯ ಪಟ್ಟಿ ಸ್ಪಷ್ಟವಾಗಿ ಮೂಡಿತ್ತು. ಅದನ್ನು ಗಾಳಿಗೆ ತೂಗುಹಾಕಿದೆವು. ಒಂದು ವಾರದ ನಂತರ ವಾಸನೆ ಹೋಗಿತ್ತು, ಕಲೆ ಹೋಗಿರಲಿಲ್ಲ. ಹಗುರವಾದ ಸಸ್ಯತೈಲಗಳು ಅಷ್ಟರಲ್ಲಿ ಬಹುಪಾಲು ಆರಿಹೋಗುತ್ತವೆ. ಉಳಿದದ್ದು ಭಾರವಾದ ಎಣ್ಣೆ. ಅದು ಇಂಥದೇ ಎಂದು ಈ ಪರೀಕ್ಷೆ ಹೇಳಲಾರದು. ಶ್ರೀಗಂಧದ ಎಣ್ಣೆಯೂ ಬೇಗ ಆರುವುದಿಲ್ಲ. ಆದರೆ ಅದರ ಲೆಕ್ಕವನ್ನು ನಾವು ಆಗಲೇ ಮಾಡಿದ್ದೆವು.

ಎರಡನೆಯ ಪೊಟ್ಟಣವನ್ನು ಓದಿದಾಗ ನನಗೆ ನಿಜವಾಗಿಯೂ ಗಾಬರಿಯಾಯಿತು. ಅದು ಸೊಳ್ಳೆ ಓಡಿಸುವ ಬತ್ತಿ. ಮಳೆಗಾಲದಲ್ಲಿ ಒಂದೇ ಕಡ್ಡಿಯಿಂದ ಎರಡು ಕೆಲಸವಾಗಲೆಂದು ಅತ್ತೆ ಅದನ್ನೇ ಸಂಜೆಯ ಪೂಜೆಗೂ ಹಚ್ಚುತ್ತಿದ್ದರು. ಮನೆಯಲ್ಲಿ ಬಳಸುವ ಕೀಟನಾಶಕಕ್ಕೂ 1968ರ ಕೀಟನಾಶಕ ಕಾಯಿದೆಯಂತೆ ನೋಂದಣಿ ಇರಬೇಕು. ಪೊಟ್ಟಣದ ಮೇಲೆ ಕೀಟನಾಶಕದ ಹೆಸರು, ಅದರ ಪ್ರಮಾಣ, ನೋಂದಣಿ ಸಂಖ್ಯೆ ಅಚ್ಚಾಗಿರಬೇಕು. ಈ ಪೊಟ್ಟಣದ ಮೇಲೆ ಬೇವಿನ ಎಲೆಯ ಚಿತ್ರವೊಂದನ್ನು ಬಿಟ್ಟರೆ ಇವು ಯಾವುವೂ ಇರಲಿಲ್ಲ. ಸೊಳ್ಳೆ ಸಾಯುವಷ್ಟು ಬಲವಿದ್ದು, ಸಾಯಿಸುವುದು ಏನೆಂದು ಬರೆಯದ ಕಡ್ಡಿಯನ್ನು ಲಿಂಗದ ಮುಂದೆಯೂ ಹಚ್ಚಬಾರದು, ಮಂಚದ ಕೆಳಗೂ ಹಚ್ಚಬಾರದು.

ಭಾರತೀಯ ಮಾನಕ ಬ್ಯೂರೋ 2025ರ ಡಿಸೆಂಬರಿನಲ್ಲಿ ಊದಿನಕಡ್ಡಿಗೆಂದೇ ಐಎಸ್ 19412 ಎಂಬ ಮಾನಕವನ್ನು ಹೊರತಂದಿತು. ಅಲೆತ್ರಿನ್, ಪರ್ಮೆತ್ರಿನ್, ಸೈಪರ್ಮೆತ್ರಿನ್, ಡೆಲ್ಟಾಮೆತ್ರಿನ್, ಫಿಪ್ರೊನಿಲ್ ಮುಂತಾದ ಕೀಟನಾಶಕಗಳನ್ನೂ, ಬೆಂಜೈಲ್ ಸೈನೈಡ್, ಈಥೈಲ್ ಅಕ್ರಿಲೇಟ್, ಡೈಫಿನೈಲ್ ಅಮೈನ್‌ಗಳಂಥ ಕೃತಕ ಪರಿಮಳದ ಕಚ್ಚಾವಸ್ತುಗಳನ್ನೂ ಅದು ನಿಷೇಧಿಸಿದೆ. ಈ ಮಾನಕವನ್ನು ಪಾಲಿಸಿ ಅನುಮತಿ ಪಡೆದವರು ಪೊಟ್ಟಣದ ಮೇಲೆ ಐಎಸ್ಐ ಮುದ್ರೆ ಹಾಕಬಹುದು. ಮುದ್ರೆ ಇಲ್ಲವೆಂದ ಮಾತ್ರಕ್ಕೆ ಮನೆಯಲ್ಲಿ ಹೊಸೆದ ಒಳ್ಳೆಯ ಕಡ್ಡಿ ಕೆಟ್ಟದಾಗುವುದಿಲ್ಲ. ಆದರೆ ಪರಿಚಯವಿಲ್ಲದ ತಯಾರಕರ ಸರಕು ಕೊಳ್ಳುವಾಗ ಈ ಮುದ್ರೆಯಷ್ಟು ಗಟ್ಟಿಯಾದ ಗುರುತು ಬೇರೆ ಇಲ್ಲ. 'ನೈಸರ್ಗಿಕ', 'ಆಯುರ್ವೇದಿಕ', 'ಹರ್ಬಲ್' ಎಂಬ ಮಾತುಗಳನ್ನು ನಾನಂತೂ ಗುರುತೆಂದು ಎಣಿಸುವುದಿಲ್ಲ.

ಇನ್ನು ಕರ್ಪೂರ. ಇದರ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಮರದಿಂದ ಬಂದ ಕರ್ಪೂರ ಮಾತ್ರ ಶುದ್ಧ, ಉಳಿದುದೆಲ್ಲ ರಾಸಾಯನಿಕ ಎಂಬುದು ಮೊದಲನೆಯದು. ಕರ್ಪೂರದ ಮರ ಚೀನಾ, ಜಪಾನ್, ತೈವಾನ್‌ಗಳ ಕಡೆಯದು. ನಮ್ಮ ಅಂಗಡಿಗಳಲ್ಲಿ ಸಿಗುವ ಆರತಿ ಕರ್ಪೂರ ಬಹುತೇಕ ಪೈನ್ ಮರದ ಟರ್ಪೆಂಟೈನ್ ಎಣ್ಣೆಯಿಂದ ಕಾರ್ಖಾನೆಯಲ್ಲಿ ತಯಾರಾದುದು. ಉರಿಯುವ ದೃಷ್ಟಿಯಿಂದ ಎರಡೂ ಒಂದೇ ವಸ್ತು. ಶುದ್ಧ ಕರ್ಪೂರ ಹೊಗೆ ಬಿಡುವುದಿಲ್ಲ ಎಂಬುದು ಎರಡನೆಯದು. ಎಷ್ಟೇ ಶುದ್ಧವಿರಲಿ, ಕರ್ಪೂರ ಕಪ್ಪು ಮಸಿ ಬಿಟ್ಟೇ ಉರಿಯುತ್ತದೆ. ಹಿಂದಿನವರು ಆ ಮಸಿಯನ್ನೇ ಹಿಡಿದು ಕಾಡಿಗೆ ಮಾಡುತ್ತಿದ್ದರು. ಮಸಿಯೇ ಇಲ್ಲದೆ ಉರಿಯುವ ಬಿಲ್ಲೆಯನ್ನು ಕಂಡರೆ ಮೆಚ್ಚುವ ಬದಲು ಸಂಶಯಪಡಬೇಕು. ಒಲೆಯ ಇಂಧನದ ಬಿಲ್ಲೆಗಳಿಗೆ ಬಳಸುವ ಹೆಕ್ಸಮೈನ್ ಎಂಬ ವಸ್ತು ಹಾಗೆ ಹೊಗೆಯಿಲ್ಲದೆ ಉರಿಯುತ್ತದೆ. ಅದು ಕಾದಾಗ ಕಣ್ಣು ಮೂಗು ಉರಿಸುವ ಫಾರ್ಮಾಲ್ಡಿಹೈಡ್ ಅನಿಲ ಹೊರಬರಬಹುದು.

ಬೆರಕೆಯನ್ನು ಕಂಡುಹಿಡಿಯಲು ಒಂದು ಬಟ್ಟಲು ನೀರು ಸಾಕು. ಬಟ್ಟಲನ್ನು ಜಿಡ್ಡಿಲ್ಲದಂತೆ ತೊಳೆದು, ಬಿಲ್ಲೆಯಿಂದ ಜೋಳದ ಕಾಳಿನಷ್ಟು ಚೂರನ್ನು ಮುರಿದು ನೀರಿಗೆ ಬಿಡಬೇಕು. ಕರ್ಪೂರ ನೀರಿಗಿಂತ ತುಸುವೇ ಹಗುರ. ಅದು ತೇಲುತ್ತದೆ, ತೇಲುತ್ತ ಬುಗುರಿಯಂತೆ ಗಿರಗಿರನೆ ಓಡಾಡುತ್ತದೆ. ನೀರಿನ ಮೇಲೆ ಎಣ್ಣೆಯ ಹನಿಯೊಂದಿದ್ದರೂ ಆ ಓಟ ನಿಂತುಹೋಗುತ್ತದೆ, ಆದ್ದರಿಂದಲೇ ಬಟ್ಟಲು ಸ್ವಚ್ಛವಾಗಿರಬೇಕು. ಬಟ್ಟೆಯ ಪೆಟ್ಟಿಗೆಗೆ ಹಾಕುವ ಡಾಂಬರು ಗುಳಿಗೆಯ ನ್ಯಾಫ್ತಲೀನ್ ಆದರೆ ಮುಳುಗುತ್ತದೆ. ಹೆಕ್ಸಮೈನ್ ಮುಳುಗಿ ಕರಗಿಹೋಗುತ್ತದೆ. ಕರ್ಪೂರ ನೀರಿನಲ್ಲಿ ಕರಗುವುದು ಅತ್ಯಲ್ಪ. ಇನ್ನೊಂದು ಚೂರನ್ನು ತಟ್ಟೆಯಲ್ಲಿ ಉರಿಸಿ ನೋಡಬೇಕು. ಕರ್ಪೂರ ಏನನ್ನೂ ಉಳಿಸದೆ ಹೋಗುತ್ತದೆ. ಮೇಣದಂಥ ಕಲೆ ಉಳಿದರೆ ಮೇಣ, ಬೂದಿ ಉಳಿದರೆ ಮತ್ತೇನೋ ಬೆರೆತಿದೆ ಎಂದು ತಿಳಿಯಬೇಕು. ಬೆರಕೆ ತೀರ ಸ್ವಲ್ಪವಿದ್ದರೆ ಈ ಪರೀಕ್ಷೆಗಳಿಗೆ ಸಿಕ್ಕುವುದಿಲ್ಲ. ಅತ್ತೆಯವರ ಕರ್ಪೂರ ನೀರಿನ ಮೇಲೆ ಚೆನ್ನಾಗಿಯೇ ಕುಣಿಯಿತು. ಮೊಮ್ಮಗಳು ಮತ್ತೊಂದು ಚೂರು ಹಾಕೆಂದು ಹಟ ಹಿಡಿದಳು.

ಆ ಮಗುವಿನ ನಿಮಿತ್ತ ಒಂದು ಮಾತು ಹೇಳಬೇಕಾಯಿತು. ಶುದ್ಧ ಕರ್ಪೂರವೂ ಹೊಟ್ಟೆಗೆ ಹೋದರೆ ವಿಷ. ಚಿಕ್ಕ ಮಕ್ಕಳಲ್ಲಿ ಒಂದು ಗ್ರಾಮಿನಷ್ಟು ಕರ್ಪೂರವೂ ಸೆಳವು ತಂದು ಪ್ರಾಣಕ್ಕೆ ಎರವಾಗಬಲ್ಲದು. ಬಿಲ್ಲೆಯೋ ಕಲ್ಲುಸಕ್ಕರೆಯಂತೆ ಬೆಳ್ಳಗಿರುತ್ತದೆ. ಕರುಣೋದಕಕ್ಕೆ ಪರಿಮಳ ಬರಲೆಂದು ಆರತಿಯ ಕರ್ಪೂರವನ್ನು ಅದರಲ್ಲಿ ಹಾಕುವ ರೂಢಿ ಎಲ್ಲಿಯಾದರೂ ಇದ್ದರೆ ಬಿಡಬೇಕು. ಡಬ್ಬಿಯನ್ನು ಮಕ್ಕಳ ಕೈಗೆಟುಕದ ಗೂಡಿನಲ್ಲಿಡಬೇಕು.

ಹಾಗಾದರೆ ಹಚ್ಚುವುದಾದರೂ ಏನನ್ನು? ನಮ್ಮ ಈ ನಾಲ್ಕು ತಾಲೂಕುಗಳ ಕಡೆ ಆಯ್ಕೆಗೆ ಕೊರತೆಯಿಲ್ಲ. ಜೋಯಿಡಾದ ಕಾಡುಗಳಲ್ಲಿ ರಾಳಧೂಪದ ಮರವಿದೆ. ಅದರ ಅಂಟಿನ ಕಡಲೆಕಾಳಿನಷ್ಟು ತುಣುಕನ್ನು ತೆಂಗಿನ ಚಿಪ್ಪಿನ ಕೆಂಡದ ಮೇಲೆ ಹಾಕಿದರೆ ಒಂದು ಪೂಜೆಗೆ ಧಾರಾಳವಾಯಿತು. ಅಂಗಡಿಯಲ್ಲಿ ರಾಳವೆಂದು ಕೊಂಡದ್ದು ಕೆಂಡದ ಮೇಲೆ ಬಣ್ಣದ ಅಂಗಡಿಯ ಟರ್ಪೆಂಟೈನಿನಂತೆ ನಾರಿದರೆ ಅದು ಪೈನ್ ಮರದ ರೋಸಿನ್. ಮಸಾಲೆಬತ್ತಿಗೆ ಮೃದುತ್ವ ಕೊಡುವ ಹಾಲುಮಡ್ಡಿ, ಹಿಟ್ಟು ಹಿಡಿಯುವ ಜಿಗಟನ್ನು ಕೊಡುವ ಗುಳಿಮಾವು, ಎರಡೂ ಪಶ್ಚಿಮ ಘಟ್ಟದ ಮರಗಳೇ. ಗುಳಿಮಾವಿನ ತೊಗಟೆಯನ್ನು ಸುತ್ತಲೂ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ. ಆದ್ದರಿಂದ ಅಗ್ಗದ ಜಿಗಟು ಎಲ್ಲಿಂದ ಬಂತೆಂದು ಕೇಳುವುದೂ ಒಳ್ಳೆಯದು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸತಿಯಿದೆ. ಅವರ ಸಂಪ್ರದಾಯದ ಧೂಪದ ಕಡ್ಡಿಯಲ್ಲಿ ಬಿದಿರೇ ಇರುವುದಿಲ್ಲ. ಮೂಲಿಕೆ, ಮರದ ಪುಡಿಗಳ ಹಿಟ್ಟನ್ನೇ ಶಾವಿಗೆಯಂತೆ ಹೊಸೆದು ಒಣಗಿಸಿರುತ್ತಾರೆ. ಅದನ್ನು ಕೊಳ್ಳುವಾಗಲೂ ಕಾಗದದ ಪರೀಕ್ಷೆ ಮಾಡಬಹುದು.

ಆದರೆ ಸಹಜವಾದ ವಸ್ತುವಿನ ಹೊಗೆಯೂ ಹೊಗೆಯೇ. ಅದರಲ್ಲಿಯೂ ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳಿರುತ್ತವೆ. ಉಬ್ಬಸವಿರುವ ಮನೆಯಲ್ಲಿ ಕಡ್ಡಿಯ ಜಾತಿಗಿಂತ ಸಂಖ್ಯೆ ಮುಖ್ಯ, ಸಂಖ್ಯೆಗಿಂತ ಕಿಟಕಿ ಮುಖ್ಯ. ಅತ್ತೆಯವರು ಮೂರು ಕಡ್ಡಿಯ ಬದಲು ಒಂದು ಮಸಾಲೆಬತ್ತಿಯನ್ನು ಅರ್ಧಕ್ಕೆ ಮುರಿದು ಹಚ್ಚತೊಡಗಿದರು. ಊದಾನಿಯನ್ನು ಮೊಳದ ಅಂತರದಿಂದ ತೆಗೆದು ಕಿಟಕಿಯ ಅಡಿಯಲ್ಲಿಟ್ಟು, ಮಳೆಯಿದ್ದರೂ ಒಂದು ಬಾಗಿಲನ್ನು ನಾಲ್ಕು ಬೆರಳು ತೆರೆದಿಡತೊಡಗಿದರು. ಸೊಳ್ಳೆಬತ್ತಿಯ ಬದಲಿಗೆ ಪರದೆ ಬಂತು. ದೀಪಾವಳಿಗೆ ನಾನು ಮತ್ತೆ ಹೋದಾಗ ಬೆಳಗಿನ ಕೆಮ್ಮು ಪೂರ್ತಿ ನಿಂತಿರಲಿಲ್ಲ. ಅವರಿಗೆ ಅಡಿಗೆಯ ಸೌದೆ ಒಲೆಯೂ ಇದೆ. ಮೊಮ್ಮಗಳು ಮಾತ್ರ ಪೂಜೆ ಮುಗಿಯುವವರೆಗೂ ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದಳು.